ಆಯಿಯ ಉದ್ದನ್ನ ಕೈ

ಹೋದ ತಿಂಗಳ ನಮ್ಮ ಆಯಿಗೆ ಸಹಸ್ರ ಚಂದ್ರದರ್ಶನ ಶಾಂತಿ ಮಾಡಿದ್ವಿ. ಎಲ್ಲಾರೂ ಸೀರಿ, ಬೆಳ್ಳಿ ಸಾಮಾನು ತಂದ್ರ ನಮ್ಮಣ್ಣನ ಮಗಳು ಪುಟ್ಟಿ, ಐದು ವರ್ಷದಾಕಿ, ಪುಣೇದಿಂದ ಒಂದು ಕ್ರೆಯಾನ್ ಚಿತ್ರ ತಂದಿದ್ಲು. ಹಸರು ಸೀರಿ ಆಯಿ, ಮನಿಗಿಂತ ಎತ್ತರ. ಆಕಿ ಬಲಗೈ ಹಾಳಿ ಈ ತುದಿಯಿಂದ ಆ ತುದಿ ತನಕ ಹೋಗಿ ಪುಟ್ಟಿ ಕೈ ಹಿಡದಿತ್ತು. ಆ ಕೈಗೆ ಬೆರಳು ಆರು. ಮುಖ ನೇರಳಿ ಬಣ್ಣ. "ಅತ್ಯಾ, ಇದನ್ನ ಕತಿ ಪುಸ್ತಕದಾಗಿನ ಚಿತ್ರದಂಗ ಮಾಡಿಕೊಡು, ಫ್ರೇಮ್ ಹಾಕ್ಸೋಣು" ಅಂದ್ಲು.

ನಾ ಒಂದು ಕಾಲಕ್ಕ ಡ್ರಾಯಿಂಗ್ ಪರೀಕ್ಷಾ ಪಾಸಾದಾಕಿ. ಒಂದು ಸಂಜೀ ಕೂತು ಛಂದಂಗ ಬರದೆ. ಕೈ ಅಳತಿಗೆ ತಂದೆ, ಐದು ಬೆರಳು ಮಾಡಿದೆ, ಮುಖಕ್ಕ ಗೋಧಿ ಬಣ್ಣ ಹಚ್ಚಿದೆ. ಪುಟ್ಟಿ ನೋಡಿ ಸುಮ್ಮನಾದ್ಲು. ಆಮ್ಯಾಲೆ ಕೇಳಿದ್ಲು, "ಇಷ್ಟು ಸಣ್ಣ ಕೈ ಇದ್ರ ಆಯಿ ನನ್ನ ಹೆಂಗ ಹಿಡೀತಾಳ? ನಾ ಪುಣೇದಾಗ ಇರ್ತೀನಲ್ಲಾ." ಕ್ರೆಯಾನ್ ಡಬ್ಬಿ ಮುಚ್ಚಿಟ್ಟು "ನೀನೇ ಬರಿ" ಅಂದು ಎದ್ದು ಹೋದ್ಲು. ನನ್ನ ಎದಿ ಧಸಕ್ಕಂತು.

ಹುಡುಗೂರು ಯಾವುದು ತಮಗ ಮುಖ್ಯನೋ ಅದನ್ನ ದೊಡ್ಡದು ಬರೀತಾರ. ನಾ ತಪ್ಪಂತ ತಿದ್ದಿದ್ದೇ ಆ ಚಿತ್ರದ ಮಾತಾಗಿತ್ತು. ಅದಕ್ಕ ಎರಡನೇ ಸಲ ಕೂಡೂಕಿಂತ ಮೊದಲ ಒಂದು ನೇಮ ಹಾಕ್ಕೊಂಡೆ. ಅಳತಿ, ಎಣಿಕಿ, ಬಣ್ಣದ ಆಯ್ಕಿ, ಯಾವುದು ಎಲ್ಲಿ ಅದ ಅನ್ನೋದು, ಇವೆಲ್ಲಾ ಆಕೀದು. ಹಾಳಿ ಮಡಿಕಿ, ಕೈ ತಾಗಿ ಆದ ಕಲಿ, ಅರ್ಧಾ ತುಂಬಿಸಿ ಬಿಟ್ಟ ಬಣ್ಣ, ಇವಷ್ಟ ನನ್ನ ಕೆಲಸ.

ಮೂಲ ಚಿತ್ರ ಮುಟ್ಟಲಿಲ್ಲ. ಝೆರಾಕ್ಸ್ ಅಂಗಡ್ಯಾಗ 141 ಪರ್ಸೆಂಟ್ ಹಿಗ್ಗಿಸಿಕೊಂಡೆ, ಎ4 ಹಾಳಿ ಸರೀ ಎ3 ಆಗತದ. ಝೆರಾಕ್ಸಿನ ಹಿಂದ ಮೆತ್ತನ್ನ ಪೆನ್ಸಿಲ್ ತಿಕ್ಕಿ, 300 ಜಿಎಸ್‌ಎಂ ವಾಟರ್ ಕಲರ್ ಹಾಳಿ ಮ್ಯಾಲಿಟ್ಟು, ಗೆರಿಗೋಳನ್ನ ಹಗರಕ ಒತ್ತಿ ಇಳಿಸಿದೆ. ಎ3ಕ್ಕಿಂತ ಒಂದೀಟು ದೊಡ್ಡ ಹಾಳಿ ತಗೋರಿ, ಸುತ್ತ ಅಂಚು ಬಿಟ್ರ ಫ್ರೇಮಿನ್ಯಾಗ ಕೈ ಕತ್ತರಿಸಿ ಹೋಗಂಗಿಲ್ಲ. ಟೈಪಿಂಗ್ ಕಾರ್ಬನ್ ಮಾತ್ರ ಬ್ಯಾಡ, ಅದರ ಗೆರಿ ಅಳಿಸಂಗಿಲ್ಲ. ಪೆನ್ಸಿಲ್ ಗುರ್ತೂ ಮಸಕಾಗೇ ಇರಲಿ. ಮ್ಯಾಲೆ ಮೇಣ ಕೂತ್ರ ಅದೂ ಒಳಗ ಉಳದುಬಿಡತದ.

ಆಮ್ಯಾಲೆ ಗೆರಿ. ಪೆನ್ನಿನ್ಯಾಗ ನಿಧಾನ ತಿದ್ದಿದ್ರ ಗೆರಿ ನಡುಗತದ, ಆದ್ರ ಅದು ಹುಡುಗರ ಗೆರಿ ಅಲ್ಲ, ಅಂಜಿದವರ ಗೆರಿ. ಪುಟ್ಟಿ ಗೆರಿ ಸೊಟ್ಟಗಿದ್ರೂ ಜೋರದ. ಅದಕ್ಕ ನಾನೂ ಕ್ರೆಯಾನೇ ಹಿಡದೆ. ಆಕಿ ಎಲ್ಲಿಂದ ಸುರು ಮಾಡ್ಯಾಳಂತ ನೋಡಿ, ಅದೇ ದಿಕ್ಕಿಗೆ, ಒತ್ತಿ, ಒಂದೇ ಉಸರಿನ್ಯಾಗ ಎಳದೆ. ಮೊದಲ ರದ್ದಿ ಹಾಳಿ ಮ್ಯಾಲೆ ಉದ್ದನ್ನ ಕೈ ಹತ್ತು ಸಲ ಎಳದು ರೂಢಿ ಮಾಡ್ಕೊಂಡಿದ್ದೆ.

ಗೆರಿ ಮುಗದ ಮ್ಯಾಲೆ ನೀರಿನ ಬಣ್ಣ. ಮೇಣ ನೀರನ್ನ ಒಲ್ಲೆ ಅಂತದ. ಎಣ್ಣಿ ಕೈಮ್ಯಾಲೆ ನೀರು ಹನಿಗಟ್ಟಿ ನಿಲ್ಲೂದಿಲ್ಲೇನು, ಹಂಗ. ಗೆರಿ ಮ್ಯಾಲಿಂದ ಕುಂಚ ಎಳದ್ರೂ ಗೆರಿ ಉಳೀತದ, ಬಣ್ಣ ಸುತ್ತಲಿನ ಬಿಳಿ ಕಲಿಗೋಳನ್ನ ತುಂಬತದ. ಸೀರಿ, ಆಕಾಶ ಪುಸ್ತಕದಾಗಿನಂಗ ನುಣುಪಾದ್ವು, ಗೆರಿ ಮಾತ್ರ ಪುಟ್ಟೀದೇ. ಕುಂಚ ಒಂದ ಸಲ ಎಳೀಬೇಕು. ಹಸಿ ಇದ್ದಾಗ ತಿರಗಾ ತಿಕ್ಕಿದ್ರ ಹಾಳಿ ಎದ್ದು ಗಲೀಜಾಗತದ. ಕೆಲವು ಸೋವಿ ಕ್ರೆಯಾನಿನ್ಯಾಗ ಮೇಣ ಕಡಿಮಿ, ಗೆರಿ ಮ್ಯಾಲೂ ಬಣ್ಣ ಕೂತುಬಿಡತದ. ಅದಕ್ಕ ಮೊದಲ ಒಂದು ತುಂಡಿನ ಮ್ಯಾಲೆ ಹಚ್ಚಿ ನೋಡ್ರಿ. ಪುಟ್ಟಿ ಬಣ್ಣ ಗೆರಿ ದಾಟಿದಲ್ಲಿ ನಾನೂ ದಾಟಿಸಿದೆ.

ಒಣಗಿದ ಮ್ಯಾಲೆ ಎರಡೂ ಚಿತ್ರ ಬಾಜೂಕ ಬಾಜೂಕ ಗ್ವಾಡಿಗೆ ಆನಿಸಿಟ್ಟು, ಪುಟ್ಟೀನ ಬಾಗಲದಾಗ ನಿಲ್ಲಿಸಿ "ನಿಂದು ಯಾವುದು?" ಅಂದೆ. ಹಂತೇಕ ಬಂದು ಬೆರಳು ಎಣಿಸಿದ್ಲು. ಆರು. "ಎರಡೂ ನಂದ, ಇದು ದೊಡ್ಡದಾಗೇದ ಅಷ್ಟ" ಅಂದ್ಲು.

ಫ್ರೇಮ್ ಈಗ ಆಯಿ ಮಂಚದ ಎದುರಿಗದ. ಮೂಲ ಚಿತ್ರ ಲ್ಯಾಮಿನೇಶನ್ ಮಾಡಸ್ತೀನಂತ ನಮ್ಮಣ್ಣ ಹೊಂಟಿದ್ದ, ನಾ ತಡದೆ. ಆ ಬಿಸಿಗೆ ಮೇಣ ಕರಗತದ. ಬಟರ್ ಪೇಪರ್ ಹಾಸಿ ಫೈಲಿನ್ಯಾಗ ಸಪಾಟ ಇಟ್ಟೀನಿ. ನನ್ನ ಮೊದಲನೇ ಚಿತ್ರದ ಹಿಂದ ಪುಟ್ಟಿ ಹೊಸಾದೊಂದು ಬರದಾಳ. ಅತ್ಯಾ ಅಂತ, ಕಣ್ಣು ಮೂರು.