ಪೊಟ್ಟಣದ ಮೇಲಿನ ಇನ್ನೊಂದು ಸಾಲು

ಹತ್ತನೇ ತರಗತಿ ವಿಜ್ಞಾನದ ಮೊದಲ ಅಧ್ಯಾಯದಲ್ಲಿ ಸುಟ್ಟ ಸುಣ್ಣಕ್ಕೆ ನೀರು ಹಾಕುವ ಚಟುವಟಿಕೆ ಇದೆ. ಹುಬ್ಬಳ್ಳಿಯ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಈ ಪಾಠಕ್ಕೆ ನಾನು ಆರಿಸಿಕೊಂಡ ಬೋಧನೋಪಕರಣ, ಚೀನಾದಿಂದ ಬರುವ ಸಾಮಾನುಗಳ ಒಳಗಿರುವ ತೇವ ಹೀರುವ ಪುಟ್ಟ ಪೊಟ್ಟಣ. ಶೂ ಡಬ್ಬಿ, ಚೀಲ, ನೀರಿನ ಬಾಟಲಿ, ತಿಂಡಿ ಪ್ಯಾಕೆಟ್ಟುಗಳಲ್ಲಿ ಸಿಕ್ಕವನ್ನು ಒಡೆಯದೆ ತರಲು ಮಕ್ಕಳಿಗೆ ಹೇಳಿದ್ದೆ.

ಬಂದ ಪೊಟ್ಟಣಗಳ ಮೇಲೆಲ್ಲ ಇಂಗ್ಲಿಷಿನಲ್ಲಿ ಇದ್ದದ್ದು ಒಂದೇ ಮಾತು: ತಿನ್ನಬೇಡಿ. ಆದರೆ ಒಳಗಿನ ವಸ್ತು ಒಂದೇ ಅಲ್ಲ. ಹೆಚ್ಚಿನವುಗಳಲ್ಲಿ ಸಿಲಿಕಾ ಜೆಲ್ ಇರುತ್ತದೆ. ಅದು ವಿಷವಲ್ಲ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವುದೇ ಮುಖ್ಯ ಭಯ. ತಿಂಡಿ ಪ್ಯಾಕೆಟ್ಟಿನ ಕೆಲವು ಪೊಟ್ಟಣಗಳಲ್ಲಿ ಮಾತ್ರ ಸುಟ್ಟ ಸುಣ್ಣ ಇರುತ್ತದೆ. ಅದು ನೀರು ಸೋಕಿದರೆ ಕುದಿಯುವಷ್ಟು ಕಾಯುತ್ತದೆ, ಬಾಯಿ, ಕಣ್ಣುಗಳನ್ನು ಸುಡುತ್ತದೆ. ನೀರಿನ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರೆ ಬಾಟಲಿ ಸಿಡಿಯಬಹುದು.

ಈ ವ್ಯತ್ಯಾಸ ತಿಳಿಯುವುದು ಚೀನೀ ಸಾಲಿನಿಂದ. ಅದರಲ್ಲಿ 成分 ಎಂಬ ಜೋಡಿ ಅಕ್ಷರ ಹುಡುಕಬೇಕು, ಎಂದರೆ ‘ಘಟಕಾಂಶ’. ಅದರ ಮುಂದೆ 硅胶 ಇದ್ದರೆ ಸಿಲಿಕಾ ಜೆಲ್, 氧化钙 ಇದ್ದರೆ ಸುಟ್ಟ ಸುಣ್ಣ. ಈ ಮೂರಕ್ಷರದಲ್ಲಿ ಮೊದಲನೆಯದು ಆಕ್ಸಿಜನ್, ನಡುವಿನದು ‘ಸಂಯೋಗಗೊಂಡ’, ಕೊನೆಯದು ಕ್ಯಾಲ್ಸಿಯಂ. ನಮ್ಮ CaO ಸೂತ್ರವನ್ನು ಹಿಂದಿನಿಂದ ಓದಿದಂತೆ. ಧಾತುವಿನ ಅಕ್ಷರದಲ್ಲೇ ಅದರ ಗುಣದ ಗುರುತೂ ಇದೆ: 钙 ಅಕ್ಷರದ ಎಡಭಾಗ ಲೋಹದ ಚಿಹ್ನೆ, ಸಿಲಿಕಾನ್ ಆದ 硅 ಅಕ್ಷರದ ಎಡಭಾಗ ಕಲ್ಲಿನದು.

ಒಂದು ಪೊಟ್ಟಣದ ಮೇಲೆ 生石灰 ಎಂದಿತ್ತು. ವಿದ್ಯಾರ್ಥಿನಿಯೊಬ್ಬಳು ನಡುವಿನ ಅಕ್ಷರ ತೋರಿಸಿ, “ಟೀಚರ್, ಇದರಾಗೂ ಕಲ್ಲು ಐತಲ್ರಿ, ಇದೂ ಸಿಲಿಕಾನ?” ಅಂದಳು. ಒಳ್ಳೆಯ ಪ್ರಶ್ನೆ. ಇಲ್ಲಿ ಕಲ್ಲು ಇನ್ನೊಂದು ಅಕ್ಷರದ ಭಾಗವಲ್ಲ, ತಾನೇ ಪೂರ್ತಿ ಅಕ್ಷರ. ಕೊನೆಯ ಎರಡು ಸೇರಿ ‘ಕಲ್ಲುಬೂದಿ’, ಅಂದರೆ ಸುಣ್ಣ. ಮೊದಲನೆಯದು ‘ಹಸಿ’. ನಾವು ಸುಟ್ಟದ್ದು ಎನ್ನುವುದನ್ನು ಅವರು ಹಸಿ ಎನ್ನುತ್ತಾರೆ, ನಾವು ಅರಳಿದ್ದು ಎನ್ನುವುದನ್ನು ಬೆಂದದ್ದು ಎನ್ನುತ್ತಾರೆ. ಪದಕ್ಕೆ ಪದ ಇಟ್ಟು ಓದಿದರೆ ‘ಹಸಿ’ ಎಂಬುದು ನಿರುಪದ್ರವಿ ಅನ್ನಿಸಿಬಿಡುತ್ತದೆ.

ಓದಿದ್ದನ್ನು ಪರೀಕ್ಷಿಸಲು ಎರಡು ಬಗೆಯ ಪೊಟ್ಟಣಗಳನ್ನೂ ನಾನೇ ಕತ್ತರಿಸಿ, ರಕ್ಷಣಾ ಕನ್ನಡಕ ಹಾಕಿಕೊಂಡು, ಪಿಂಗಾಣಿ ಬಸಿಯಲ್ಲಿ ಒಂದೊಂದು ಚಿಟಿಕೆಗೆ ನಾಲ್ಕಾರು ಹನಿ ನೀರು ಬಿಟ್ಟೆ. ಒಣಗಿದ ಸಿಲಿಕಾ ಜೆಲ್ ಕೂಡ ಚಟಪಟ ಎಂದು ತುಸು ಬೆಚ್ಚಗಾಗುತ್ತದೆ, ಆದ್ದರಿಂದ ಶಾಖವೊಂದನ್ನೇ ನಂಬುವಂತಿಲ್ಲ. ಅರಿಶಿನದ ಕಾಗದ ಮುಟ್ಟಿಸಿದಾಗ ಸುಣ್ಣದ ಬಸಿಯಲ್ಲಿ ಕೆಂಪಾಯಿತು, ಸಿಲಿಕಾದಲ್ಲಿ ಹಳದಿಯಾಗಿಯೇ ಉಳಿಯಿತು.

ಎರಡು ಪೊಟ್ಟಣಗಳ ಮೇಲೆ ಘಟಕಾಂಶದ ಸಾಲೇ ಇರಲಿಲ್ಲ. ಅವನ್ನು ಒಡೆಯದೆ ಸುಣ್ಣದ ಗುಂಪಿಗೆ ಸೇರಿಸಿದೆವು. ಕಣ್ಣಿಗೆ ಪುಡಿ ಬಿದ್ದರೆ ಉಜ್ಜದೆ, ಧಾರಾಳ ನೀರಿನಿಂದ ಬಹಳ ಹೊತ್ತು ತೊಳೆದು, ತಡಮಾಡದೆ ವೈದ್ಯರ ಬಳಿ ಹೋಗಬೇಕು ಎಂಬುದನ್ನು ಮಕ್ಕಳು ಅದೇ ಪುಟದಲ್ಲಿ ಬರೆದುಕೊಂಡರು.