ಸೀಮ್ ತೋರಿಸಿದ ಕಡೆಗೇ ಹೋದ ಚೆಂಡು

ಹುಮನಾಬಾದಿನಲ್ಲಿ ನಡೆದ ಒಂದು ಲೆದರ್ ಬಾಲ್ ಪಂದ್ಯದ ಸುದ್ದಿಯ ಕೊನೆಗೆ ನಾವು ಒಂದು ಸಾಲು ಸೇರಿಸಿದ್ದೆವು: ಬಸವಕಲ್ಯಾಣದ ಬೌಲರ್ ಚೆಂಡು ಕೆರೆದಿದ್ದಾನೆ ಎಂದು ಎದುರಾಳಿ ತಂಡ ದೂರಿತು. ದೂರಿದ್ದು ನಿಜ, ಆದ್ದರಿಂದ ಬರೆದದ್ದರಲ್ಲಿ ತಪ್ಪಿಲ್ಲ ಅಂದುಕೊಂಡೆವು. ಮುಂದಿನ ಟೂರ್ನಿಗೆ ಆ ಹುಡುಗನನ್ನು ಯಾರೂ ಕರೆಯಲಿಲ್ಲ. ಅವನ ಅಣ್ಣ ಫೋನ್ ಮಾಡಿದರು. "ಸರ್, ಬಾಲ್ ಹೊಸಾದಿತ್ತು. ಮೂರನೇ ಓವರಿಗೇ ಕೆರದು ಏನ್ ಮಾಡ್ತಾರ? ಬರಿಯೂಕಿಂತ ಮೊದ್ಲ ಒಂದ್ಸಲ ಕೇಳಬೇಕಿತ್ತು."

ಆ ಪ್ರಶ್ನೆಗೆ ಉತ್ತರ ಹುಡುಕಲು ಹೋಗಿ, ಚೆಂಡು ಯಾಕೆ ಸ್ವಿಂಗ್ ಆಗುತ್ತದೆ ಎಂಬುದನ್ನು ಮೊದಲ ಸಲ ಸರಿಯಾಗಿ ತಿಳಿದುಕೊಂಡೆವು.

ಹಾರುವ ಚೆಂಡಿನ ಮೈಗೆ ಅಂಟಿಕೊಂಡಂತೆ ಗಾಳಿಯ ಒಂದು ತೆಳು ಪದರ ಹರಿಯುತ್ತದೆ. ಇದಕ್ಕೆ ಬೌಂಡರಿ ಲೇಯರ್ ಎನ್ನುತ್ತಾರೆ; ಮೈದಾನದ ಬೌಂಡರಿಗೂ ಇದಕ್ಕೂ ಸಂಬಂಧವಿಲ್ಲ. ಈ ಪದರ ಚೆಂಡಿನ ಹಿಂಬದಿಯವರೆಗೂ ಅಂಟಿಕೊಂಡಿರುವುದಿಲ್ಲ, ಒಂದು ಕಡೆ ಮೈ ಬಿಟ್ಟು ಹೊರಡುತ್ತದೆ. ಎಲ್ಲಿ ಬಿಡುತ್ತದೆ ಎಂಬುದರ ಮೇಲೆಯೇ ಸ್ವಿಂಗ್ ನಿಂತಿದೆ.

ನಯವಾದ ಮೈಯ ಮೇಲೆ ಪದರ ಶಾಂತವಾಗಿ ಹರಿಯುತ್ತದೆ, ಆದರೆ ಬೇಗ ಸೋತು ಚೆಂಡಿನ ಅರ್ಧ ಸುತ್ತುವ ಹೊತ್ತಿಗೇ ಕೈಬಿಡುತ್ತದೆ. ಬೌಲರ್ ಸೀಮನ್ನು ಸುಮಾರು 20 ಡಿಗ್ರಿ ಓರೆ ಮಾಡಿ ಎಸೆದಾಗ, ಒಂದು ಬದಿಯ ಗಾಳಿ ಆ ಉಬ್ಬಿದ ಹೊಲಿಗೆಯನ್ನು ಎಡವಿ ಗೊಂದಲವಾಗುತ್ತದೆ. ಗೊಂದಲದ ಪದರ ಹೊರಗಿನ ವೇಗದ ಗಾಳಿಯನ್ನು ತನ್ನೊಳಗೆ ಬೆರೆಸಿಕೊಳ್ಳುವುದರಿಂದ ಅದಕ್ಕೆ ಬಲ ಹೆಚ್ಚು, ಇನ್ನಷ್ಟು ಹಿಂದಿನವರೆಗೆ ಅಂಟಿಕೊಂಡೇ ಇರುತ್ತದೆ. ಆ ಬದಿಯಲ್ಲಿ ಒತ್ತಡ ಕಡಿಮೆಯಾಗುತ್ತದೆ. ಚೆಂಡು ಸೀಮ್ ಮುಖ ಮಾಡಿದ ಕಡೆಗೆ ಸರಿಯುತ್ತದೆ. ಚೆಂಡು ಸೀಮಿನ ಗುಂಟವೇ ಹಿಂದಕ್ಕೆ ತಿರುಗುತ್ತಾ ಹೋಗಬೇಕು. ಸೀಮ್ ತೊನೆದಾಡಿದರೆ ಎಡವುವ ಬದಿಯೇ ಬದಲಾಗುತ್ತಾ ಸ್ವಿಂಗ್ ಕೆಡುತ್ತದೆ.

ರಬೀಂದ್ರ ಮೆಹ್ತಾ ಮತ್ತು ಸಂಗಡಿಗರು ಗಾಳಿ ಸುರಂಗದಲ್ಲಿ ಇದನ್ನು ಅಳೆದು 1983ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದವರು ನಮ್ಮ ಬೆಂಗಳೂರಿನ ಮಧ್ಯಮ ವೇಗಿ ರೋಜರ್ ಬಿನ್ನಿ. ಮಧ್ಯಮ ವೇಗ ಎನ್ನುವುದು ಇಲ್ಲಿ ಕೊರತೆಯಲ್ಲ. ಹೊಸ ಚೆಂಡಿನ ಸಾಮಾನ್ಯ ಸ್ವಿಂಗ್ ಚೆನ್ನಾಗಿ ಕೆಲಸ ಮಾಡುವುದು ಗಂಟೆಗೆ 110 ಕಿ.ಮೀ. ಆಸುಪಾಸಿನಲ್ಲಿ. ವೇಗ ಬಹಳ ಹೆಚ್ಚಿದರೆ ಎರಡೂ ಬದಿಯ ಗಾಳಿ ತಾನಾಗಿಯೇ ಗೊಂದಲವಾಗಿ ಸ್ವಿಂಗ್ ಕುಗ್ಗುತ್ತದೆ.

ಈಗ ಲೆಕ್ಕ ನೋಡೋಣ. ವೇಗ 108 ಕಿ.ಮೀ. ಅಂದರೆ ಸೆಕೆಂಡಿಗೆ 30 ಮೀಟರ್. ಕೈಯಿಂದ ಬ್ಯಾಟಿನವರೆಗಿನ ಸುಮಾರು 18 ಮೀಟರಿಗೆ 0.6 ಸೆಕೆಂಡ್ ಬೇಕು. ಪಕ್ಕಕ್ಕೆ ತಳ್ಳುವ ಬಲ ಚೆಂಡಿನ ತೂಕದ ಶೇ 30ರಷ್ಟಿದೆ ಎಂದಿಟ್ಟುಕೊಂಡರೆ ಒಟ್ಟು ಸರಿಯುವುದು 53 ಸೆಂ.ಮೀ. ಆದರೆ ಮೊದಲ ಅರ್ಧ ದಾರಿಯಲ್ಲಿ ಸರಿಯುವುದು ಬರೀ 13 ಸೆಂ.ಮೀ. ಉಳಿದ 40 ಸೆಂ.ಮೀ. ಬ್ಯಾಟ್ಸ್‌ಮನ್ ಕಾಲು ಮುಂದಿಟ್ಟ ಮೇಲೆ! ಒಂದೇ ಬಲ ಎಡೆಬಿಡದೆ ತಳ್ಳಿದರೂ ಕೊನೆಗೆ ತಟ್ಟನೆ ತಿರುಗಿದಂತೆ ಕಾಣುವುದು ಇದಕ್ಕೇ. ಅವತ್ತು ಔಟಾಗಿ ಬಂದವರು "ಕೆರದಿಲ್ಲಂದ್ರ ಹಂಗ ಒಮ್ಮೆಲೇ ಹ್ಯಾಂಗ್ ತಿರಗ್ತದ?" ಅಂದಿದ್ದರು. ಅವರು ಕಂಡದ್ದು ಸುಳ್ಳಲ್ಲ, ಹೇಳಿದ ಕಾರಣ ತಪ್ಪು.

ಹಾಗಾದರೆ ಕೆರೆಯುವುದು ಯಾಕೆ? 2018ರಲ್ಲಿ ಕೇಪ್‌ಟೌನ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾದವರು ಮರಳು ಕಾಗದ ತಂದದ್ದು ರಿವರ್ಸ್ ಸ್ವಿಂಗಿಗಾಗಿ. ಒಂದು ಬದಿ ಒರಟಾದ ಹಳೆಯ ಚೆಂಡು ಸಾಕಷ್ಟು ವೇಗದಲ್ಲಿ ಹೋದಾಗ ಸೀಮ್ ತೋರಿಸುವ ದಿಕ್ಕಿಗೆ ವಿರುದ್ಧ ಸರಿಯುತ್ತದೆ. ಗುರುತು ಹಿಡಿಯುವುದು ಇದರಿಂದಲೇ: ಸೀಮ್ ಯಾವ ಕಡೆ, ಚೆಂಡು ಯಾವ ಕಡೆ? ವಿರುದ್ಧ ಹೋದರೂ ಅದೇ ಮೋಸಕ್ಕೆ ಸಾಕ್ಷಿಯಲ್ಲ, ಆಡುತ್ತಾ ಆಡುತ್ತಾ ಚೆಂಡು ತಾನಾಗಿಯೂ ಒರಟಾಗುತ್ತದೆ.

ಸ್ಕೋರರ್ ಹತ್ತಿರ ಬೌಲರನ ಬೆನ್ನ ಹಿಂದಿನಿಂದ ತೆಗೆದ ಮೊಬೈಲ್ ವಿಡಿಯೊ ಇತ್ತು. ನಿಧಾನ ಮಾಡಿ ನೋಡಿದೆವು. ಸೀಮ್ ಸ್ಲಿಪ್ ಕಡೆಗೆ ಓರೆಯಾಗಿತ್ತು, ಅಲುಗಾಡಲಿಲ್ಲ. ಚೆಂಡೂ ಸ್ಲಿಪ್ ಕಡೆಗೇ ಹೋಯಿತು. ಹೊಸ ಚೆಂಡಿನ ಶುದ್ಧ ಔಟ್‌ಸ್ವಿಂಗ್. ಅದಕ್ಕೆ ಕೆರೆಯುವ ಅಗತ್ಯವೇ ಇರಲಿಲ್ಲ.

ತಿದ್ದುಪಡಿ ಕಳಿಸಿದೆವು. ಒಳಪುಟದಲ್ಲಿ ನಾಲ್ಕು ಸಾಲು ಬಂತು. ಅದರ ಫೋಟೊ ತೆಗೆದು ಅಣ್ಣನಿಗೆ ಕಳಿಸಿದಾಗ ಬಂದ ಉತ್ತರ: "ಮೊದಲಿಂದು ಎಲ್ಲಾರೂ ಓದ್ಯಾರ ಸರ್. ಇದು ಎಷ್ಟ್ ಮಂದಿ ಓದ್ತಾರ?"