ನಾಲ್ಕು ಮಾತು, ಆಮೇಲೆ ಗುಗ್ಗರಿ

ನಮ್ಮ ಧಾರವಾಡದ ಕಡೆ ಚೊಚ್ಚಲ ಬಾಣಂತನ ತವರುಮನೆಯದು. ತೊಟ್ಟಿಲು ತವರಿನದು, ಕುಂಚಿಗೆ ಕುಲಾವಿ ತವರಿನವು, ಹೆಸರಿಡುವ ದಿನದ ಊಟವೂ ತವರಿನದು. ಹೆಸರು ಮಾತ್ರ ಬೀಗರದು; ಕೂಸಿನ ಸೋದರತ್ತೆ ಬಂದು ಕಿವಿಯಲ್ಲಿ ಕರೆಯಬೇಕು. ಹಾಗಾಗಿ ಅಂದು ಎದ್ದು ನಿಂತು ಬಂದವರಿಗೆ ಎರಡು ಮಾತು ಹೇಳುವ ಹೊಣೆ ತಾಯಿಯ ತಂದೆಗೆ ಬೀಳುತ್ತದೆ. ನಮ್ಮ ಮನೆಯಲ್ಲಿ ಅದನ್ನು ನಮ್ಮವರು ಮಾಡುತ್ತಿದ್ದರು. ಹಿರಿಯ ಮಗಳ ಕೂಸಿಗೆ ಮಾಡಿದರು, ಭಾವನವರ ಮೊಮ್ಮಕ್ಕಳಿಗೆ ಮಾಡಿದರು, ಓಣಿಯಲ್ಲಿ ಅಜ್ಜ ಇಲ್ಲದ ಮನೆಗಳಿಗೂ ಹೋಗಿ ಮಾಡಿ ಬಂದರು. ಕಿರಿಯ ಮಗಳ ಕೂಸಿನ ಹೊತ್ತಿಗೆ ಅವರಿರಲಿಲ್ಲ.

ಅವರು ಹೇಳುತ್ತಿದ್ದುದು ಇಷ್ಟೇ. “ಬಂದವರೆಲ್ಲಾರಿಗೂ ಶರಣು. ಹೊಲ-ಮನಿ ಕೆಲಸ ಬಿಟ್ಟು ಬಂದೀರಿ, ಕೂಸು ನಿಮ್ದು. ಕೂಸಿನ್ನ ಇಳಿಸಿಕೊಂಡ ಕೈಗೆ, ತೊಟ್ಟಿಲಾ ಮಾಡಿದ ಕೈಗೆ, ಅಡಗಿ ಮಾಡಿದ ಕೈಗೆ ನಮ್ಮ ಶರಣು. ಬಾಣಂತಿ ಹಾಲು ಬತ್ತದಿರ್ಲಿ, ಕೂಸು ನಾಕು ಮಂದಿಗೆ ಬೇಕಾಗಿ ಬೆಳೀಲಿ. ಎಲಿ ಹಾಕೇದ, ಉಂಡು ಹೋಗ್ರಿ.” ಮುಗಿಯಿತು. ತೊಟ್ಟಿಲಿನ ಹಗ್ಗ ಹಿಡಿದ ಹೆಣ್ಣುಮಗಳು ಇನ್ನೂ ತೂಗುತ್ತಲೇ ಇರುತ್ತಿದ್ದಳು.

ಅವರು ಆ ಮಾತಿಗೆ ಆರಿಸಿಕೊಂಡಿದ್ದ ಹೊತ್ತನ್ನು ನೋಡಬೇಕು. ತೊಟ್ಟಿಲಿಗೆ ಹಾಕುವಾಗ ಮೊದಲು ಕೂಸನ್ನು ಹಾಕುವುದಿಲ್ಲ. ರುಬ್ಬುವ ಗುಂಡುಕಲ್ಲನ್ನು ತೊಳೆದು, ಕುಂಕುಮ ಹಚ್ಚಿ, ಕುಂಚಿಗೆ ತೊಡಿಸಿ, ತೊಟ್ಟಿಲ ಕೆಳಗಿನಿಂದ ಒಬ್ಬಳು ಕೊಡುತ್ತಾಳೆ, ಮೇಲಿನಿಂದ ಇನ್ನೊಬ್ಬಳು ತೆಗೆದುಕೊಳ್ಳುತ್ತಾಳೆ. ಕಲ್ಲಿನಂತೆ ಗಟ್ಟಿಯಾಗಿರಲಿ ಎಂದು. ಆಮೇಲೆ ಕೂಸು. ಆಮೇಲೆ ಸೋದರತ್ತೆ ಬಗ್ಗಿ ಕಿವಿಯಲ್ಲಿ ಹೆಸರು ಕರೆಯುತ್ತಾಳೆ. ಅವಳು ಬಾಯಿ ತೆರೆಯುವುದಕ್ಕೂ ಸುತ್ತ ನಿಂತವರು ಅವಳ ಬೆನ್ನಿಗೆ ಗುದ್ದು ಹಾಕುವುದಕ್ಕೂ ಸರಿಹೋಗುತ್ತದೆ. ಆ ನಗೆ ಅಡಗಿದ ಮೇಲೆ ಗುಗ್ಗರಿ ಹಂಚುತ್ತಾರೆ. ಗುಗ್ಗರಿಯ ಬುಟ್ಟಿ ಹೊರಗೆ ಬಂತೆಂದರೆ ಹುಡುಗರ ಗದ್ದಲದಲ್ಲಿ ಯಾರ ಮಾತೂ ಕೇಳುವುದಿಲ್ಲ. ಹೆಸರು ಕರೆಯುವ ಮೊದಲೇ ಮಾತಿಗೆ ನಿಂತರೆ, ಹಿರಿಯರು ಖುಷಿಯಲ್ಲಿ ಹೆಸರನ್ನೇ ಬಾಯಿಬಿಟ್ಟು ಸೋದರತ್ತೆಯ ಪಾಲನ್ನು ಕಸಿದುಕೊಳ್ಳುವ ಅಪಾಯ. ಗುದ್ದಿಗೂ ಗುಗ್ಗರಿಗೂ ನಡುವೆ ಸಿಗುವ ಆ ಚೂರು ಬಿಡುವಿನಲ್ಲೇ ನಮ್ಮವರು ಎದ್ದು ನಿಲ್ಲುತ್ತಿದ್ದರು. ಕೂಸಿಗೆ ಹಾಲಿನ ಹೊತ್ತಾಗಿರುತ್ತದೆ, ಬಾಣಂತಿಗೆ ಸೊಂಟ ನೋಯುತ್ತಿರುತ್ತದೆ. ಅದನ್ನು ಬಲ್ಲವರು ಉದ್ದ ಮಾತಾಡುವುದಿಲ್ಲ.

ಇನ್ನು ಆ ‘ಕೈ’ಗಳ ಮಾತು. ಅವರು ಯಾರ ಹೆಸರನ್ನೂ ಹಿಡಿದು ನೆನೆಯುತ್ತಿರಲಿಲ್ಲ. ಅವರ ಹರೆಯದಲ್ಲಿ ಬಳಗದ ಒಂದು ಮನೆಯಲ್ಲಿ ಅಜ್ಜನೊಬ್ಬರು ಬಂದವರನ್ನೆಲ್ಲ ಹೆಸರು ಹೇಳಿ ಹೇಳಿ ನೆನೆದರಂತೆ. ಊರು, ಮನೆತನ, ಯಾರ ಮಗ ಎಂಬುದೂ ಬಂತು. ಬಾಣಂತಿಯನ್ನು ರಾತ್ರೋರಾತ್ರಿ ಚಕ್ಕಡಿಯಲ್ಲಿ ಆಸ್ಪತ್ರೆಗೆ ಒಯ್ದವನ ಹೆಸರೊಂದೇ ಬಿಟ್ಟುಹೋಯಿತು. ಆತ ಜಗಳವಾಡಲಿಲ್ಲ, ಎಲೆ ಹಾಕುವ ಹೊತ್ತಿಗೆ ನೋಡಿದರೆ ಇರಲಿಲ್ಲ, ಅಷ್ಟೇ. ಉಣ್ಣದೆ ಹೋದವನನ್ನು ಮತ್ತೆ ಆ ಮನೆಯ ಹೊಸ್ತಿಲು ಹತ್ತಿಸಲು ಬಹಳ ದಿನ ಹಿಡಿಯಿತಂತೆ. ಹೆಸರು ಹೇಳಿದರೆ ಒಂದಾದರೂ ತಪ್ಪುತ್ತದೆ, ಕೈ ಎಂದರೆ ಪ್ರತಿಯೊಬ್ಬರೂ ತಮ್ಮ ಕೈ ನೋಡಿಕೊಳ್ಳುತ್ತಾರೆ ಎಂದು ನಮ್ಮವರು ಹೇಳುತ್ತಿದ್ದರು. ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ‘ಇಳಿಸಿಕೊಂಡ ಕೈ’ ಎಂದಾಗ ಓಣಿಯ ಸೂಲಗಿತ್ತಿ ಆಯಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು. ಮುಂದೆ ಹೆರಿಗೆಗಳೆಲ್ಲ ಆಸ್ಪತ್ರೆಗೆ ಹೋದವು. ಅವರು ಮಾತು ಬದಲಿಸಲಿಲ್ಲ. ನರ್ಸಬಾಯಿಯನ್ನೂ ಊಟಕ್ಕೆ ಕರೆಯತೊಡಗಿದರು.

ತೊಟ್ಟಿಲು ನಮ್ಮದು ಕಲಘಟಗಿಯದು. ಅರಗಿನ ಬಣ್ಣ, ಪಟ್ಟಿಯ ಮೇಲೆ ಬಾಲಕೃಷ್ಣನ ಆಟಗಳು. ಬೇಕೆಂದ ಕೂಡಲೇ ಅಂಗಡಿಯಿಂದ ಎತ್ತಿಕೊಂಡು ಬರುವಂಥದಲ್ಲ, ಮೊದಲೇ ಹೇಳಿ ಮಾಡಿಸಬೇಕು. ಹಿರಿಯಳು ಬಸುರಿಯಾದಾಗ ನಮ್ಮವರೇ ಹೋಗಿ ಹೇಳಿಬಂದು, ತರುವಾಗ ಟೆಂಪೋದ ಹಿಂದೆ ತಾವೂ ಕೂತು ಹಿಡಿದುಕೊಂಡು ಬಂದಿದ್ದರು. ಕೃಷ್ಣ ಬೆಣ್ಣೆ ತಿನ್ನುವ ಕಡೆ ಒಂದು ಮೂಲೆಯಲ್ಲಿ ಬಣ್ಣ ಹಾರಿದೆ. ಹಿರಿಯ ಮೊಮ್ಮಗ ಹಲ್ಲು ಬರುವಾಗ ಕಚ್ಚಿದ ಜಾಗ ಅದು. ಅದಕ್ಕೆ ಬಣ್ಣ ಹಚ್ಚಿಸಲು ಅವರು ಬಿಡಲಿಲ್ಲ.

ಕಿರಿಯಳ ಗಂಡುಕೂಸಿಗೆ ಅದೇ ತೊಟ್ಟಿಲನ್ನು ಕಟ್ಟಿದೆವು. ಮುತ್ತೈದೆಯರು ಆರತಿ ಹಿಡಿದು ನಿಂತಿದ್ದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಹಾಗೆ ನಿಲ್ಲುವುದು ರೂಢಿ. ಯಾರೂ ನನ್ನನ್ನು ಅಲ್ಲಿ ನಿಲ್ಲಿಸಿರಲಿಲ್ಲ, ನನ್ನ ಕಾಲುಗಳೇ ಅಲ್ಲಿ ನಿಂತವು. ಸೋದರತ್ತೆ ಬಗ್ಗಿದಳು. ಗುದ್ದು ಬಿದ್ದವು. ಅವಳು ಕರೆದ ಹೆಸರು ನಮ್ಮವರದು.

ಆ ಹೆಸರು ಇಡಬೇಕೆಂದು ನಾವು ಕೇಳಿರಲಿಲ್ಲ. ಮಗನ ಮಗನಿಗೆ ತಮ್ಮ ಮನೆಯ ಹಿರಿಯರ ಹೆಸರಿಡುವುದು ಬೀಗರ ಹಕ್ಕು, ಅವರ ಮನೆಯಲ್ಲೂ ಕಾಯುತ್ತಿದ್ದ ಹೆಸರಿತ್ತು. ಬೀಗತಿಯೇ ತೀರ್ಮಾನ ಮಾಡಿ, ಮಗನಿಗೂ ಸೊಸೆಗೂ ಹೇಳದೆ, ಮಗಳ ಕಿವಿಯಲ್ಲಷ್ಟೇ ಹಾಕಿ ಕರೆತಂದಿದ್ದರು. ಗುದ್ದಿನ ನಗೆ ಒಮ್ಮೆಗೆ ನಿಂತಿತು. ಬೀಗತಿ ನನ್ನತ್ತ ತಿರುಗಿ, “ಅಕ್ಕಾ, ನಮ್ಮ ಹೆಸರು ಮುಂದಿನ ಕೂಸಿಗೆ ಆತು. ನೀವ್ಯಾಕ ಅಲ್ಲಿ ನಿಂತೀರಿ? ಬರ್ರಿ, ಬೀಗರು ಹೇಳ್ತಿದ್ದ ಮಾತು ಯಾರು ಹೇಳವ್ರು ಈಗ?” ಎಂದರು.

ಆರತಿಗೆ ರೂಢಿಯ ಕಟ್ಟಿದೆ, ಮಾತಿಗೆ ಇಲ್ಲ. ತೊಟ್ಟಿಲ ಹತ್ತಿರ ಬಂದು ನಿಂತೆ. ಅವರ ನಾಲ್ಕು ಮಾತು ನನಗೆ ಬಾಯಿಪಾಠ. ಬಂದವರಿಗೆ ಶರಣು ಎಂದೆ, ಕೈಗಳಿಗೆ ಶರಣು ಎಂದೆ. ಒಂದು ಮಾತು ನನ್ನದಾಗಿ ಸೇರಿಸಿದೆ: “ಹೆಸರು ಕೊಟ್ಟ ಮನಿಗೆ ಶರಣು.” ಬಾಣಂತಿಯ ಹಾಲು ಬತ್ತದಿರಲಿ ಎಂದೆ. ‘ಅವರಿದ್ದಿದ್ದರೆ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಹಸಿ ಬಾಣಂತಿ ಎದುರಿಗೆ ಕೂತಿದ್ದಳು, ಅವಳ ಕಣ್ಣು ಆಗಲೇ ತುಂಬಿದ್ದವು. ಕೂಸಿನ ದಿನ ಕೂಸಿಗೇ ಇರಬೇಕು. ಎಲೆ ಹಾಕಿದೆ, ಉಂಡು ಹೋಗ್ರಿ ಎಂದೆ. ಗುಗ್ಗರಿಯ ಬುಟ್ಟಿ ಹೊರಗೆ ಬಂತು.

ಗಂಡನ ಹೆಸರನ್ನು ಹೆಂಡತಿ ಹೇಳುವುದು ನಮ್ಮಲ್ಲಿ ಒಡಪಿನಲ್ಲಿ ಮಾತ್ರ. ಮದುವೆಯಲ್ಲಿ, ಸೀಮಂತದಲ್ಲಿ ಹೆಂಗಸರು ಬಾಗಿಲು ಕಟ್ಟಿ ಕೇಳಿದಾಗ ಪದ್ಯದ ಕೊನೆಗೆ ಅದನ್ನು ಸೇರಿಸಿ, ನಾಚಿಕೊಂಡು ಒಳಗೆ ಓಡಿದ್ದೇ ಹೌದು. ಇನ್ನು ಒಡಪು ಕೇಳುವವರಿಲ್ಲ. ಹಿರಿಯರ ಹೆಸರಿಟ್ಟ ಮಕ್ಕಳನ್ನು ಮನೆಯ ಹೆಂಗಸರು ಅಜ್ಜಪ್ಪ, ಮುತ್ಯಾ ಎಂದು ಕರೆಯುವುದು ಈ ಕಾರಣಕ್ಕೇ. ನಾನೂ ಅವನನ್ನು ಅಜ್ಜಪ್ಪ ಎನ್ನುತ್ತಿದ್ದೇನೆ. ಆದರೆ ಮಗಳು ಗಂಡನ ಮನೆಯಿಂದ ಫೋನ್ ಮಾಡಿ, “ಅವ್ವಾ, ಅವನ ಹೆಸರು ಹಿಡಿದು ಕರಿ, ಇಲ್ಲಾಂದ್ರ ಅವಂಗ ಹೆಂಗ ಗೊತ್ತಾಗಬೇಕು?” ಎನ್ನುತ್ತಾಳೆ. ದೀಪಾವಳಿಗೆ ಬರುತ್ತಾರೆ. ಅವನನ್ನು ಎತ್ತಿಕೊಂಡು, ಯಾರೂ ಬಾಗಿಲು ಕಟ್ಟದಿದ್ದರೂ, ಒಂದು ಒಡಪು ಕಟ್ಟಿ ಹೇಳಬೇಕೆಂದಿದ್ದೇನೆ. ಎರಡು ಸಾಲು ಕೂಡಿವೆ, ಇನ್ನೆರಡು ಕೂಡಬೇಕು.